ಎರಡು ಸಲ ‘ಬೇಡ’ ಒತ್ತಿದ ಮೇಲೆ ಮೈಕ್ ವಾಪಸ್ ತರುವುದು ಹೇಗೆ?

ಮೊನ್ನೆ ನಮ್ಮ ಚಿಕ್ಕಮ್ಮ ದುಬೈನಲ್ಲಿರುವ ಮಗನಿಗೆ ವಿಡಿಯೊ ಕಾಲ್ ಮಾಡಿದ್ದರು. ಅವನ ಮುಖ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಇವರ ಮಾತು ಮಾತ್ರ ಅವನಿಗೆ ಕೇಳುತ್ತಿರಲಿಲ್ಲ. ಮ್ಯೂಟ್ ಕೂಡ ಆಗಿರಲಿಲ್ಲ. ಮೈಕ್ ಕೆಟ್ಟಿದೆ ಅಂತ ರಿಪೇರಿ ಅಂಗಡಿಗೆ ಹೊರಟೇಬಿಟ್ಟಿದ್ದರು.

ಅಂಗಡಿಗೆ ಹೋಗುವ ಮುಂಚೆ ಫೋನಿನ ರೆಕಾರ್ಡರ್‌ನಲ್ಲಿ ಹತ್ತು ಸೆಕೆಂಡ್ ಮಾತಾಡಿ, ಹಾಕಿ ಕೇಳಿ. ಕ್ಯಾಮೆರಾ ತೊಂದರೆಯಾದರೆ ಒಂದು ಸೆಲ್ಫಿ ತೆಗೆಯಿರಿ. ಚಿಕ್ಕಮ್ಮನ ದನಿ ರೆಕಾರ್ಡರ್‌ನಲ್ಲಿ ಸ್ಪಷ್ಟವಾಗಿ ಬಂತು. ಅಂದರೆ ಮೈಕ್ ಚೆನ್ನಾಗಿದೆ, ಆ ಆ್ಯಪ್‌ಗೆ ಅದನ್ನು ಬಳಸುವ ಅನುಮತಿ ಇಲ್ಲ.

ಆಗಿದ್ದಿಷ್ಟು. ಕಾಲ್ ಮಾಡುವ ಅವಸರದಲ್ಲಿ ಅನುಮತಿ ಕೇಳುವ ಪೆಟ್ಟಿಗೆ ಬಂದಿದೆ, ಇವರು ಭಯಬಿದ್ದು "Don't allow" ಒತ್ತಿದ್ದಾರೆ. ಇನ್ನೊಂದು ಸಲ ಬಂದಾಗಲೂ ಅದನ್ನೇ ಒತ್ತಿದ್ದಾರೆ. ಆಂಡ್ರಾಯ್ಡ್ 11ರಿಂದ ಈಚೆಗೆ ಎರಡು ಸಲ ಬೇಡ ಅಂದರೆ ಇನ್ನು ಕೇಳಲೇಬೇಡ ಅಂತಲೇ ಲೆಕ್ಕ. ಆಮೇಲೆ ಎಷ್ಟು ಸಲ ಕಾಲ್ ಮಾಡಿದರೂ, ಫೋನ್ ಆಫ್ ಮಾಡಿ ಆನ್ ಮಾಡಿದರೂ ಆ ಪೆಟ್ಟಿಗೆ ಬರುವುದಿಲ್ಲ. ನಾವೇ ಒಳಗೆ ಹೋಗಿ ಕೊಡಬೇಕು.

ಆ್ಯಪ್‌ನ ಐಕಾನ್ ಮೇಲೆ ಬೆರಳು ಒತ್ತಿ ಹಿಡಿಯಿರಿ. "App info" ಅಥವಾ ಸಣ್ಣ i ಗುರುತು ಬರುತ್ತದೆ, ಅದನ್ನು ಒತ್ತಿ. ಅಲ್ಲಿ "Permissions" ತೆರೆಯಿರಿ. ಮೇಲಿನ ಪಟ್ಟಿ ನೋಡಿ ಎಲ್ಲಾ ಸರಿ ಇದೆ ಅಂತ ವಾಪಸ್ ಬರುವವರೇ ಜಾಸ್ತಿ. ಮೇಲಿರುವುದು ಈಗಾಗಲೇ ಅನುಮತಿ ಕೊಟ್ಟಿರುವವು. ಕೆಳಗೆ ಇಳಿದು "Not allowed" ಅನ್ನುವ ಭಾಗ ನೋಡಿ. ಚಿಕ್ಕಮ್ಮನ ಫೋನಿನಲ್ಲಿ ಕ್ಯಾಮೆರಾ ಮೇಲಿತ್ತು, ಮೈಕ್ರೊಫೋನ್ ಕೆಳಗೆ ಕೂತಿತ್ತು. ಅದನ್ನು ಒತ್ತಿ "Allow only while using the app" ಆರಿಸಿ. "Ask every time" ಬೇಡವೇ ಬೇಡ, ವಯಸ್ಸಾದವರ ಫೋನಿನಲ್ಲಂತೂ ಖಂಡಿತ ಬೇಡ, ಪ್ರತಿ ಸಲ ಕೇಳಿದರೆ ಒಂದಲ್ಲ ಒಂದು ದಿನ ಮತ್ತೆ ತಪ್ಪು ಒತ್ತುತ್ತಾರೆ ಅಲ್ವಾ? ಆಮೇಲೆ ಕಾಲ್ ಕಟ್ ಮಾಡಿ, ಆ್ಯಪ್ ಮುಚ್ಚಿ, ಮತ್ತೆ ಕರೆ ಮಾಡಿ.

ಆ್ಯಪ್ ತೆಗೆದು ಮತ್ತೆ ಹಾಕಿದರೂ ಸರಿಹೋಗುತ್ತದೆ, ನಿಜ. ಆದರೆ ಬ್ಯಾಕಪ್ ಇಲ್ಲದಿದ್ದರೆ ಹಳೆಯ ಮೆಸೇಜು, ಫೋಟೊ ಕಳೆದುಕೊಳ್ಳಬಹುದು. ಮೈಕ್ ರಿಪೇರಿ ಮಾಡುತ್ತೇವೆ ಅನ್ನುವ ಆ್ಯಪ್‌ಗಳನ್ನು ಹಾಕಲೇಬೇಡಿ. ಇನ್ನೊಂದು ಆ್ಯಪ್‌ಗೆ ಅನುಮತಿ ಕೊಡುವುದು ಅವುಗಳ ಕೈಲಿಲ್ಲ, ಸುಮ್ನೆ ಜಾಹೀರಾತು ತೋರಿಸುತ್ತವೆ.

ರೆಕಾರ್ಡರ್‌ನಲ್ಲೂ ದನಿ ಬರಲಿಲ್ಲವೇ? ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದರೆ ಪರದೆಯನ್ನು ಮೇಲಿಂದ ಎರಡು ಸಲ ಎಳೆದು "Mic access" ಗುಂಡಿ ಹುಡುಕಿ. ಅದು ಆಫ್ ಆಗಿದ್ದರೆ ಎಲ್ಲಾ ಆ್ಯಪ್‌ಗಳಿಗೂ ಮೈಕ್ ಬಂದ್. ಕ್ಯಾಮೆರಾಕ್ಕೂ ಅಂಥದ್ದೇ ಗುಂಡಿ ಇದೆ. ಎರಡೂ ಆನ್ ಇದ್ದು, ರೆಕಾರ್ಡರ್‌ಗೆ ಅನುಮತಿಯೂ ಇದ್ದು, ಆಗಲೂ ದನಿ ಬರದಿದ್ದರೆ ಅಂಗಡಿಗೆ ಹೋಗಿ.