ಟವರ್ ಕೂಲರಾ, ಎಐಒನಾ? ವಾಟ್ ನೋಡಿ ಆರಿಸಿಕೊಂಡೆ

ಪಿಸಿಯ ಪ್ರೊಸೆಸರ್ ತಣ್ಣಗಿಡಲು ಫ್ಯಾನಿನ ಗಾಳಿ ಬಳಸುವ ಟವರ್ ಕೂಲರ್ ಇದೆ, ಪಂಪ್ ಮತ್ತು ರೇಡಿಯೇಟರ್ ಮೂಲಕ ದ್ರವ ಹರಿಸುವ ಎಐಒ ಇದೆ. ಕೂಲರ್ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಯಾವುದು ಜಾಸ್ತಿ ತಂಪು ಮಾಡುತ್ತದೆ ಅಂತ. ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ. ಗೇಮ್ ಆಡುವಾಗ ನನ್ನ ಪ್ರೊಸೆಸರ್ ನಿಜವಾಗಿ ಎಷ್ಟು ವಾಟ್ ಎಳೆಯುತ್ತದೆ ಅನ್ನುವುದನ್ನು ಮೊದಲು ನೋಡಿದೆ. ಉಳಿದ ಲೆಕ್ಕವೆಲ್ಲ ಅಲ್ಲಿಂದ ಶುರುವಾಗುತ್ತದೆ.

ನನ್ನದು ರೈಜನ್ 7 7800ಎಕ್ಸ್3ಡಿ. ಡಬ್ಬದ ಮೇಲೆ 120 ವಾಟ್ ಟಿಡಿಪಿ ಅಂತಿದೆ, ಅಂದರೆ ಕೂಲರ್ ಆರಿಸಲು ಕಂಪನಿ ಕೊಡುವ ಬಿಸಿಯ ಅಂದಾಜು. ಆದರೆ ಹಿನ್ನೆಲೆಯಲ್ಲಿ ವಾಟ್, ಡಿಗ್ರಿ ತೋರಿಸುವ HWiNFO64 ತಂತ್ರಾಂಶ ತೆರೆದಿಟ್ಟು ಗೇಮ್ ಆಡಿದರೆ `CPU Package Power` ಸಾಲಿನಲ್ಲಿ 60ರಿಂದ 70 ವಾಟ್ ಆಸುಪಾಸೇ ಕಾಣುತ್ತದೆ. ಎಲ್ಲ ಕೋರ್‌ಗಳನ್ನೂ ದುಡಿಸುವ ಸಿನಿಬೆಂಚ್ ಹಾಕಿದರೂ 85ರ ಹತ್ತಿರ ನಿಲ್ಲುತ್ತದೆ. ಇಷ್ಟು ಬಿಸಿಯನ್ನು ಎರಡು ಟವರ್‌ನ, 120 ಎಂಎಂ ಫ್ಯಾನಿನ ಸಾಧಾರಣ ಏರ್ ಕೂಲರ್ ಆರಾಮಾಗಿ ಹೊರಗೆ ಹಾಕುತ್ತದೆ. ಹಾಗಿದ್ದರೂ ಈ ಚಿಪ್‌ನಲ್ಲಿ ಡಿಗ್ರಿ ಮಾತ್ರ ಮೇಲೇ ಇರುತ್ತದೆ, ಯಾಕೆ?

ಯಾಕೆಂದರೆ ಬಿಸಿ ಹುಟ್ಟುವ ಜಾಗ ತುಂಬಾ ಚಿಕ್ಕದು. ಎಂಟೂ ಕೋರ್‌ಗಳು ಉಗುರಿನಷ್ಟು ಅಗಲದ ಒಂದು ಸಿಲಿಕಾನ್ ಚೂರಿನಲ್ಲಿವೆ. ಅದರ ಮೇಲೆ ಹೆಚ್ಚುವರಿ ಕ್ಯಾಶ್‌ನ ಪದರ, ಅದರ ಮೇಲೆ ದಪ್ಪನೆಯ ಲೋಹದ ಮುಚ್ಚಳ. ಬಿಸಿ ಸಿಕ್ಕಿಹಾಕಿಕೊಳ್ಳುವುದು ಅಲ್ಲಿ, ಕೂಲರ್‌ಗೆ ತಲುಪುವ ಮುಂಚೆಯೇ. ಹಾಗಾಗಿ ಮೇಲೆ ಎಷ್ಟು ದೊಡ್ಡ ರೇಡಿಯೇಟರ್ ಇಟ್ಟರೂ ಆ ಮೊದಲ ಅಡಚಣೆ ಹಾಗೇ ಉಳಿಯುತ್ತದೆ. 9800ಎಕ್ಸ್3ಡಿಯಲ್ಲಿ ಎಎಂಡಿ ಆ ಕ್ಯಾಶ್ ಪದರವನ್ನು ಕೋರ್‌ಗಳ ಕೆಳಗೆ ಹಾಕಿದೆ, ಕೋರ್‌ಗಳು ಮುಚ್ಚಳಕ್ಕೆ ಹತ್ತಿರ ಬಂದಿವೆ. 7800ಕ್ಕೆ ಎಎಂಡಿ ಇಟ್ಟ ಮಿತಿ 89 ಡಿಗ್ರಿ. ಅದರೊಳಗಿದ್ದರೆ ಚಿಪ್ಪಿಗೇನೂ ತೊಂದರೆಯಿಲ್ಲ.

ಗೆಳೆಯನ ಹತ್ತಿರ 240 ಎಂಎಂ ಎಐಒ ಖಾಲಿ ಬಿದ್ದಿತ್ತು, ತಂದು ನನ್ನ ಟವರ್ ಜೊತೆ ಹೋಲಿಸಿ ನೋಡಿದೆ. ಹೋಲಿಕೆಗೆ ಎರಡು ನಿಯಮ ಇಟ್ಟುಕೊಂಡೆ. ಒಂದು, ಎರಡರಲ್ಲೂ ಫ್ಯಾನ್ 900 ಆರ್‌ಪಿಎಂಗೆ ಕಟ್ಟಿಹಾಕಿದೆ. ಫ್ಯಾನ್ ತನ್ನಿಷ್ಟಕ್ಕೆ ಓಡಿದರೆ ಡಿಗ್ರಿ ಹೋಲಿಸಿ ಪ್ರಯೋಜನವಿಲ್ಲ, ಒಂದು ಕೂಲರ್ ಕಿರುಚಿಕೊಂಡು ಗೆದ್ದಿರಬಹುದು. ಇನ್ನೊಂದು, ಪ್ರತಿ ಸಲವೂ ಅರ್ಧ ಗಂಟೆ ಗೇಮ್ ಓಡಿಸಿದ ಮೇಲೆಯೇ ಡಿಗ್ರಿ ಬರೆದುಕೊಂಡೆ. ಎಐಒ ಒಳಗಿನ ದ್ರವ ನಿಧಾನಕ್ಕೆ ಬಿಸಿಯಾಗುತ್ತದೆ, ಸ್ಥಿರವಾಗಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಐದು ನಿಮಿಷದ ಬೆಂಚ್‌ಮಾರ್ಕ್ ನೋಡಿ ತೀರ್ಮಾನ ಮಾಡಿದರೆ ಎಐಒಗೆ ಸುಮ್ನೆ ಹೆಚ್ಚು ಅಂಕ ಕೊಟ್ಟಂತೆ.

ಕೋಣೆ 27 ಡಿಗ್ರಿ ಇದ್ದಾಗ ಗೇಮ್‌ನಲ್ಲಿ ಟವರ್ 74 ತೋರಿಸಿತು, ಕೇಸಿನ ಮೇಲ್ಭಾಗದಲ್ಲಿ ಕೂರಿಸಿದ ಎಐಒ 70. ನಾಲ್ಕು ಡಿಗ್ರಿ, ಅಷ್ಟೇ. ಎಫ್‌ಪಿಎಸ್‌ನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇರಲಿಲ್ಲ.

ಆದರೆ 70 ವಾಟ್‌ಗೆ 74 ಡಿಗ್ರಿ ಅಂದಾಗ ನನಗೆ ಕೂಲರ್‌ಗಿಂತ ಕೇಸಿನ ಮೇಲೇ ಅನುಮಾನ ಬಂತು. ಟವರ್ ಕೂಲರ್ ಉಸಿರಾಡುವುದು ಕೇಸಿನೊಳಗಿನ ಗಾಳಿಯನ್ನು, ಮತ್ತು ಅದರ ಕೆಳಗೇ ನನ್ನ ಗ್ರಾಫಿಕ್ಸ್ ಕಾರ್ಡ್ 300 ವಾಟ್ ಬಿಸಿ ಉಗುಳುತ್ತಾ ಕೂತಿರುತ್ತದೆ, ಅಲ್ವಾ? ಪರೀಕ್ಷೆ ಸುಲಭ. ಗೇಮ್ ಓಡುತ್ತಿರುವಾಗಲೇ ಪಕ್ಕದ ಗಾಜನ್ನು ತೆಗೆದೆ, ಹತ್ತು ನಿಮಿಷ ಬಿಟ್ಟೆ. 74 ಇದ್ದದ್ದು 68ಕ್ಕೆ ಇಳಿಯಿತು. ಗಾಜು ತೆಗೆದಾಗ ಐದಾರು ಡಿಗ್ರಿ ಇಳಿದರೆ ಕೊರತೆ ಕೂಲರ್‌ನದ್ದಲ್ಲ, ಕೇಸಿನ ಗಾಳಿಯದ್ದು. ಮುಂದುಗಡೆ ಕೆಳಗೆ ಒಂದು 140 ಎಂಎಂ ಫ್ಯಾನ್ ಸೇರಿಸಿದೆ, ಗಾಜು ಮುಚ್ಚಿದ ಮೇಲೂ 70 ದಾಟಲಿಲ್ಲ. ಎಐಒ ಕೊಡುತ್ತಿದ್ದ ಲಾಭವನ್ನು ಒಂದು ಫ್ಯಾನ್ ಕೊಟ್ಟುಬಿಟ್ಟಿತು, ಮೇಲಾಗಿ ಗ್ರಾಫಿಕ್ಸ್ ಕಾರ್ಡೂ ತಣ್ಣಗಾಯಿತು.

ಎಐಒವನ್ನು ಮುಂದುಗಡೆ ಹಾಕಿಯೂ ನೋಡಿದ್ದೆ. ಹೊರಗಿನ ತಾಜಾ ಗಾಳಿ ಸಿಗುವುದರಿಂದ ಸಿಪಿಯು ಇನ್ನಷ್ಟು ಇಳಿಯಿತು, ಆದರೆ ರೇಡಿಯೇಟರ್ ಗಾಳಿಗೆ ಅಡ್ಡವಾಗಿ ಗ್ರಾಫಿಕ್ಸ್ ಕಾರ್ಡ್ ಏರಿತು. ಗೇಮ್‌ನಲ್ಲಿ ನಿಜವಾಗಿ ದುಡಿಯುವುದು ಆ ಕಾರ್ಡೇ. ಹಾಗಾಗಿ ಆ ವ್ಯಾಪಾರ ನನಗೆ ಒಪ್ಪಿಗೆಯಾಗಲಿಲ್ಲ.

ಈಗ ಸದ್ದಿನ ವಿಷಯ. ನನ್ನ ತೀರ್ಮಾನ ಆದದ್ದೇ ಇದರ ಮೇಲೆ. ಗೇಮ್ ಆಡುವಾಗ ಎರಡು ಕೂಲರ್‌ಗಳಲ್ಲಿ ಯಾವುದರ ಸದ್ದೂ ಕೇಳುವುದಿಲ್ಲ, ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಎಲ್ಲವನ್ನೂ ನುಂಗಿಬಿಡುತ್ತದೆ. ವ್ಯತ್ಯಾಸ ಗೊತ್ತಾಗುವುದು ರಾತ್ರಿ ಸುಮ್ನೆ ಏನೋ ಓದುತ್ತಾ ಕೂತಾಗ. ಆಗ ಕಾರ್ಡಿನ ಫ್ಯಾನ್ ನಿಂತಿರುತ್ತದೆ, ಟವರ್ ಫ್ಯಾನ್ 500 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೂ ಕಿವಿಗೆ ಬೀಳುವುದಿಲ್ಲ. ಎಐಒನ ಪಂಪ್ ಮಾತ್ರ ಯಾವತ್ತೂ ನಿಲ್ಲುವುದಿಲ್ಲ. ಅದರದ್ದು ಒಂದೇ ಸಮನೆ ಸಣ್ಣ ಗುಂಯ್ ಅನ್ನುವ ಸ್ವರ. ಮೀಟರಿನಲ್ಲಿ ಏನೂ ಅಲ್ಲ, ಆದರೆ ಒಂದು ಸಲ ಕಿವಿಗೆ ಬಿದ್ದರೆ ಆಮೇಲೆ ಕೇಳದೆ ಇರುವುದಿಲ್ಲ. ಪಂಪ್ ವೇಗ ಇಳಿಸಿದಾಗ ಸ್ವರ ತಗ್ಗಿತು, ಪೂರ್ತಿ ಹೋಗಲಿಲ್ಲ. ಎಲ್ಲ ಪಂಪ್‌ಗಳೂ ಹೀಗೇ ಅಂತಲ್ಲ, ಕೆಲವು ಇನ್ನೂ ಮೌನವಾಗಿವೆ.

ಟವರ್‌ಗೂ ಒಂದು ಕಿರಿಕಿರಿ ಇದೆ. ಬ್ರೌಸರ್ ತೆರೆದರೂ ಸಾಕು, ಸಿಪಿಯು ಒಂದು ಕ್ಷಣ ಹದಿನೈದು ಡಿಗ್ರಿ ಜಿಗಿಯುತ್ತದೆ, ಫ್ಯಾನ್ ಭರ್ರೆಂದು ಎದ್ದು ಮತ್ತೆ ಮಲಗುತ್ತದೆ. ಮದರ್‌ಬೋರ್ಡಿನ ಬಯಾಸ್‌ನಲ್ಲಿ `CPU_FAN` ಕರ್ವ್ ತೆರೆದು 65 ಡಿಗ್ರಿವರೆಗೂ ಒಂದೇ ವೇಗ ಕೊಟ್ಟೆ, ಅಲ್ಲಿಂದ 80ಕ್ಕೆ ನಿಧಾನವಾಗಿ ಏರುವ ಹಾಗೆ ಮಾಡಿದೆ. ವೇಗ ಬದಲಿಸುವ ಮುನ್ನ ಕೆಲವು ಸೆಕೆಂಡ್ ಕಾಯುವ ಆಯ್ಕೆಯೂ ಅಲ್ಲೇ ಇರುತ್ತದೆ, ಅದನ್ನೂ ಹಾಕಿದೆ. ಭರ್ ಅನ್ನುವುದು ಅಲ್ಲಿಗೆ ನಿಂತಿತು. ಎಐಒದಲ್ಲಿ ಫ್ಯಾನನ್ನು ದ್ರವದ ಉಷ್ಣತೆ ನೋಡಿ ಓಡಿಸಲು ಬಂದರೆ ಈ ತೊಂದರೆ ಹುಟ್ಟುವುದೇ ಇಲ್ಲ, ಆದರೆ ಎಲ್ಲ ಎಐಒಗಳಲ್ಲೂ ಆ ಸೆನ್ಸರ್ ಇರುವುದಿಲ್ಲ.

ಗಾತ್ರಕ್ಕೆ ಟೇಪ್ ಹಿಡಿಯಲೇಬೇಕು. ನನ್ನ ಟವರ್ 155 ಎಂಎಂ ಎತ್ತರ, ಕೇಸಿನ ಮಿತಿ 165. ಜಾಗ ಇದೆ ಅನ್ನಿಸುತ್ತದೆ, ಆದರೆ ಮುಂದಿನ ಫ್ಯಾನ್ ರ‍್ಯಾಮ್ ಮೇಲೆ ಬರುತ್ತದೆ. ರ‍್ಯಾಮ್ ಎತ್ತರವಿದ್ದಷ್ಟೂ ಫ್ಯಾನನ್ನು ಮೇಲೆತ್ತಬೇಕು, ನನ್ನದರಲ್ಲಿ 8 ಎಂಎಂ ಎತ್ತಿದ ಮೇಲೆ ಒಟ್ಟು 163 ಆಯಿತು. ಇನ್ನು ಎರಡು ಎಂಎಂ ಮಾತ್ರ ಉಳಿದಿದೆ. ಎಐಒಗೆ ಲೆಕ್ಕ ಬೇರೆ. ಸಾಮಾನ್ಯ ರೇಡಿಯೇಟರ್ 27 ಎಂಎಂ, ಫ್ಯಾನ್ 25, ಸೇರಿ 52. ಮೇಲ್ಭಾಗಕ್ಕೆ ಹಾಕುವುದಾದರೆ ಬೋರ್ಡಿನ ಮೇಲಂಚಿನಿಂದ ಕೇಸಿನ ಚಾವಣಿವರೆಗೆ ಅಷ್ಟು ಜಾಗ ಬೇಕು, ಇಲ್ಲದಿದ್ದರೆ ಬೋರ್ಡಿನ ಹೀಟ್‌ಸಿಂಕ್‌ಗೋ ರ‍್ಯಾಮ್‌ಗೋ ತಾಗುತ್ತದೆ.

ನಾನು ಟವರನ್ನೇ ಉಳಿಸಿಕೊಂಡೆ. ಆದರೆ ವಿಡಿಯೋ ರೆಂಡರ್ ಮಾಡುವ ನನ್ನ ತಮ್ಮನದ್ದು ಕೋರ್ ಐ9 14900ಕೆ. ಇಂಟೆಲ್ ಕೊಟ್ಟ ಗರಿಷ್ಠ 253 ವಾಟ್‌ವರೆಗೂ ಅದು ಗಂಟೆಗಟ್ಟಲೆ ಎಳೆಯುತ್ತದೆ. ಅವನಿಗೆ ನಾನೇ 360 ಎಂಎಂ ಎಐಒ ಹಾಕಿಸಿದೆ. ಅಷ್ಟು ವಾಟ್‌ಗೆ ಟವರ್ ಫ್ಯಾನ್ ಪೂರ್ತಿ ವೇಗದಲ್ಲಿ ಅರಚಬೇಕಾಗುತ್ತದೆ. ಅವನ ಕೇಸಿನಲ್ಲಿ ಮುಂದುಗಡೆ ಮಾತ್ರ ಜಾಗ ಇದ್ದದ್ದರಿಂದ ರೇಡಿಯೇಟರನ್ನು ಪೈಪುಗಳು ಕೆಳಗೆ ಬರುವ ಹಾಗೆ ನಿಲ್ಲಿಸಿದೆವು, ಅದರ ಮೇಲ್ತುದಿ ಪಂಪ್‌ಗಿಂತ ಎತ್ತರದಲ್ಲಿ ಇರುವ ಹಾಗೂ ನೋಡಿಕೊಂಡೆವು. ಒಳಗೆ ಸ್ವಲ್ಪ ಗಾಳಿ ಯಾವಾಗಲೂ ಇರುತ್ತದೆ, ಅದು ಅತಿ ಎತ್ತರದ ಜಾಗಕ್ಕೆ ಹೋಗಿ ಸೇರುತ್ತದೆ. ಆ ಜಾಗ ಪಂಪ್ ಆಗಿಬಿಟ್ಟರೆ ಪಿಸಿ ಆನ್ ಮಾಡಿದಾಗ ಗುಳುಗುಳು ಸದ್ದು ಬರುತ್ತದೆ. ಅದು ಕೇಳಿದರೆ ಫ್ಯಾನ್ ಕರ್ವ್ ತಿದ್ದುತ್ತಾ ಕೂರಬೇಡಿ, ರೇಡಿಯೇಟರ್ ಬಿಚ್ಚಿ ತಿರುಗಿಸಿ ಹಾಕಿ.