‘ಅಣ್ಣ ಅಂತ ಕರೆದವರ ಮೇಲೆ ದೂರು ಹೇಗೆ ಕೊಡೋದು?’

ಬಳ್ಳಾರಿಯ ಒಂದು ಜೀನ್ಸ್ ಘಟಕದವರು ನನ್ನ ಕೈಗೆ 28 ಪುಟದ ನಡತೆ ನಿಯಮಗಳ ಪುಸ್ತಕ ಕೊಟ್ಟರು. ಇಂಗ್ಲಿಷಿನಲ್ಲಿ ಬರೆಸಿ, ಆಮೇಲೆ ಕನ್ನಡಕ್ಕೆ ಮಾಡಿಸಿದ್ದು. ‘ಟೈಲರ್‌ಗಳಿಗೆ, ಹೆಲ್ಪರ್‌ಗಳಿಗೆ ತೋರಿಸೋಕೆ ಇದನ್ನೇ ಒಂದು ವಿಡಿಯೋ ಮಾಡಿಕೊಡಿ’ ಎಂದರು. ನಾನು ಬೀದಿ ನಾಟಕ, ತರಬೇತಿ ವಿಡಿಯೋಗಳಿಗೆ ಸಂಭಾಷಣೆ ಬರೆಯುವವನು.

ಪುಸ್ತಕ ಪೂರ್ತಿ ಓದಿದ ಮೇಲೆ ಒಂದೇ ಅಧ್ಯಾಯ ಸಾಕು ಅಂತ ಹೇಳಿದೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ಅಧ್ಯಾಯ ಅದು, 2013ರ ಕಾಯ್ದೆಯನ್ನು ಅನುಸರಿಸಿ ಬರೆದದ್ದು. ಹಾಜರಿ, ಮೊಬೈಲ್ ಬಳಕೆ ಇಂಥವನ್ನು ಬೋರ್ಡಿಗೆ ಅಂಟಿಸಿದರೂ ನಡೆಯುತ್ತದೆ. ಇದು ಹಾಗಲ್ಲ. ಇಲ್ಲಿ ನಿಯಮ ಗೊತ್ತಿದ್ದರೂ ಜನ ಬಾಯಿ ಬಿಡುವುದಿಲ್ಲ. ಎಲ್ಲಿ, ಯಾಕೆ ತಡೆಯುತ್ತಾರೆ ಅನ್ನುವುದನ್ನು ಮಾತಿನಲ್ಲೇ ತೋರಿಸಬೇಕು.

ಪುಸ್ತಕದ ಒಂದು ವಾಕ್ಯ ಹೀಗಿತ್ತು: ‘ಬಾಧಿತ ಮಹಿಳೆಯು ಘಟನೆ ಜರುಗಿದ ದಿನಾಂಕದಿಂದ ಮೂರು ತಿಂಗಳೊಳಗಾಗಿ ಆಂತರಿಕ ಸಮಿತಿಗೆ ಲಿಖಿತ ದೂರನ್ನು ಸಲ್ಲಿಸತಕ್ಕದ್ದು.’ ಇಂಥ ದೂರು ಕೇಳಿ ವಿಚಾರಿಸಲು ಘಟಕದಲ್ಲೇ ಇರುವ ಸಮಿತಿ ಅದು. ಮೊದಲ ಕರಡಿನಲ್ಲಿ ನಾನು ಈ ವಾಕ್ಯವನ್ನೇ ಒಬ್ಬಳ ಬಾಯಿಗೆ ಹಾಕಿದ್ದೆ. ‘ನೋಡು, ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು.’ ಊಟದ ಹೊತ್ತಲ್ಲಿ ಬುತ್ತಿ ಬಿಚ್ಚಿ ಕೂತ ಗೆಳತಿ ಹೀಗೆ ಮಾತಾಡ್ತಾಳಾ? ಜೋರಾಗಿ ಓದಿದಾಗಲೇ ತಪ್ಪು ಕಿವಿಗೆ ಬಿತ್ತು. ಕರಡು ಪಕ್ಕಕ್ಕಿಟ್ಟೆ.

ಆಮೇಲೆ ಎರಡು ದಿನ ಸಂಭಾಷಣೆ ಬರೆಯಲೇ ಇಲ್ಲ. ಅಧ್ಯಾಯದ ಒಂದೊಂದು ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳಿದೆ: ಇದನ್ನು ಮಾಡಬೇಕಾದವರು ಯಾರು? ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಮುಗಿದ 10 ದಿನದಲ್ಲಿ ವರದಿ ಕೊಡಬೇಕು, ವರದಿ ಬಂದ 60 ದಿನದಲ್ಲಿ ಮಾಲೀಕರು ಕ್ರಮ ತೆಗೆದುಕೊಳ್ಳಬೇಕು. ಇವು ಸಮಿತಿಯ ಮತ್ತು ಮಾಲೀಕರ ಕೆಲಸ. ಮಿಷನ್ ಮುಂದೆ ಕೂತ ಹೆಣ್ಣುಮಗಳು ಇವನ್ನು ಬಾಯಿಪಾಠ ಮಾಡಬೇಕಿಲ್ಲ. ಹೀಗೆ ಸೋಸಿದಾಗ ಅವಳಿಗೆ ಬೇಕಾದದ್ದು ಐದೇ ಉಳಿದವು. ಯಾವುದು ಕಿರುಕುಳ, ಯಾರಿಗೆ ಹೇಳಬೇಕು, ಎಷ್ಟು ದಿನದೊಳಗೆ, ಬರೆಯಲು ಬಾರದಿದ್ದರೆ ಏನು, ನನ್ನ ಹೆಸರು ಹೊರಗೆ ಬೀಳುತ್ತದಾ. ಏಳು ನಿಮಿಷದ ವಿಡಿಯೋಗೆ ಅಷ್ಟೇ ಹಿಡಿಯುವುದು. ನಡುವೆ ಮೌನವೂ ಬೇಕು, ಹಾಗಾಗಿ ನಿಮಿಷಕ್ಕೆ 80 ಪದ ದಾಟದಂತೆ ಬರೆಯುತ್ತೇನೆ.

ಈಗ ಘಟನೆ ಬೇಕಿತ್ತು. ಊಟದ ಹೊತ್ತಲ್ಲಿ ಹೋಗಿ ಹೆಣ್ಣುಮಕ್ಕಳ ಜೊತೆ ಕೂತೆ. ‘ನಿಮಗೆ ಯಾರಾದರೂ ತೊಂದರೆ ಕೊಟ್ಟಿದ್ದಾರಾ’ ಅಂತ ಕೇಳಲಿಲ್ಲ. ಹಾಗೆ ಕೇಳುವುದು ಸರಿಯೂ ಅಲ್ಲ. ಕೆಲಸದ ಬಗ್ಗೆ ಮಾತ್ರ ಕೇಳಿದೆ. ಯಾವ ಹೊಲಿಗೆ ಸುಲಭ, ಯಾವುದು ಕಷ್ಟ, ಬಂಡಲ್ ಹಂಚುವುದು ಯಾರು? ಅಲ್ಲೇ ನನಗೆ ಕಥೆ ಸಿಕ್ಕಿತು. ಅವರಿಗೆ ಪೀಸ್ ಲೆಕ್ಕದ ಪಗಾರ. ನೇರ ಹೊಲಿಗೆಯ ಬಂಡಲ್ ಬಂದರೆ ಕೈ ಓಡುತ್ತದೆ. ಜೇಬು, ಜಿಪ್ಪಿನ ಕೆಲಸ ಬಂದರೆ, ಅದರಲ್ಲೂ ಕೈ ಪಳಗದವರಿಗೆ, ದಿನದ ಪೀಸ್ ಕಡಿಮೆಯಾಗುತ್ತದೆ. ಬಂಡಲ್ ಹಂಚುವುದು ಸೂಪರ್‌ವೈಸರ್. ಅವನು ಗದರಬೇಕಿಲ್ಲ, ಬೈಯಬೇಕಿಲ್ಲ. ಸುಮ್ನೆ ಬಂಡಲ್ ಬದಲಾಯಿಸಿದರೆ ಸಾಕು.

ಇದೇ ಮಾತನ್ನು ಪುಸ್ತಕ ‘ಉದ್ಯೋಗದಲ್ಲಿ ಹಾನಿಕರ ನಡವಳಿಕೆಯ ಬೆದರಿಕೆ’ ಎಂದು ಹೇಳಿತ್ತು. ಬಂಡಲ್ ತೋರಿಸಿದರೆ ಆ ಪದಗಳು ಬೇಕಾಗುವುದೇ ಇಲ್ಲ. ಎರಡನೇ ಕರಡಿನ ಮೊದಲ ದೃಶ್ಯ ಹೀಗೆ ಬಂತು:

ಸೂಪರ್‌ವೈಸರ್: (ಭುಜದ ಮೇಲೆ ಕೈ ಇಟ್ಟು, ಹೊಲಿಗೆ ನೋಡುತ್ತಾ) ನೀಟಾಗಿ ಐತೆ. ರಾತ್ರಿ ಮೆಸೇಜ್ ಹಾಕಿದ್ದೆ, ನೋಡ್ಲಿಲ್ವಾ?
ಗೌರಮ್ಮ: (ಭುಜ ಸರಿಸಿ) ಮೊಬೈಲ್ ಮಗನ ಹತ್ರ ಇರ್ತೈತಣ್ಣ.
ಸೂಪರ್‌ವೈಸರ್: (ನಕ್ಕು) ಆಯ್ತು ಬಿಡು. (ಅವಳ ಬಂಡಲ್ ಎತ್ತಿ ಬೇರೆಯದು ಇಡುತ್ತಾನೆ) ಇವತ್ತು ಜೇಬು ಹೊಲಿ.

ಆ ‘ನಕ್ಕು’ ನನಗೆ ತುಂಬಾ ಮುಖ್ಯ. ಕೆಟ್ಟವನನ್ನು ಮೀಸೆ ತಿರುವುವ ಖಳನಾಯಕನ ಹಾಗೆ ತೋರಿಸಿದರೆ ನೋಡುವ ಗಂಡಸರೆಲ್ಲ ‘ನಾನು ಇಂಥವನಲ್ಲ’ ಅಂದುಕೊಂಡು ಎದ್ದು ಹೋಗುತ್ತಾರೆ. ನಗುನಗುತ್ತಾ ಕೈ ಇಡುವವನನ್ನು ತೋರಿಸಿದರೆ ಒಂದು ಕ್ಷಣವಾದರೂ ತಮ್ಮ ಕೈ ಎಲ್ಲಿತ್ತು ಅಂತ ಯೋಚಿಸುತ್ತಾರೆ. ಗೌರಮ್ಮ ಭುಜ ಸರಿಸುವುದೂ ಅಷ್ಟೇ ಮುಖ್ಯ. ಬಾಯಲ್ಲಿ ‘ಬೇಡ’ ಅನ್ನದಿದ್ದರೂ ಅವಳಿಗೆ ಅದು ಇಷ್ಟವಿಲ್ಲ ಎಂದು ಅಲ್ಲೇ ಕಾಣುತ್ತದೆ.

ಈ ಕರಡನ್ನು ಸಮಿತಿಯಲ್ಲಿರುವ, ಘಟಕದ ಹೊರಗಿನ ಸದಸ್ಯೆಗೆ ಕೊಟ್ಟೆ. ಅವರು ವಕೀಲರು. ಕೊನೆಯ ದೃಶ್ಯಕ್ಕೆ ಉದ್ದಕ್ಕೆ ಗೀಟು ಎಳೆದು ವಾಪಸ್ ಕಳಿಸಿದರು. ನಾನು ಮ್ಯಾನೇಜರನ್ನು ಒಳ್ಳೆಯವನಾಗಿ ತೋರಿಸಲು ಹೋಗಿ ಅವನ ಬಾಯಲ್ಲಿ ಈ ಮಾತು ಹಾಕಿದ್ದೆ: ‘ಗೌರಮ್ಮ, ಹೆದರಬೇಡ. ಇಬ್ಬರನ್ನೂ ಕೂರಿಸಿ ಮಾತಾಡಿ ಬಗೆಹರಿಸೋಣ.’ ನಮ್ಮ ಕಡೆ ಜಗಳ ಬಗೆಹರಿಸುವುದೇ ಹೀಗೆ. ಹಿರಿಯರು ಕಟ್ಟೆ ಮೇಲೆ ಕೂತು ಇಬ್ಬರಿಗೂ ಬುದ್ಧಿ ಹೇಳುತ್ತಾರೆ. ಅದನ್ನೇ ನಾನು ಸುಖಾಂತ್ಯ ಮಾಡಿದ್ದೆ.

‘ಇದು ಕಾಯ್ದೆಗೆ ವಿರುದ್ಧ’ ಎಂದರು ವಕೀಲರು. ರಾಜಿ ಬೇಕು ಅಂತ ಆ ಹೆಣ್ಣುಮಗಳೇ ಕೇಳಿದರೆ ಮಾತ್ರ, ವಿಚಾರಣೆ ಶುರುವಾಗುವ ಮೊದಲು, ಸಮಿತಿ ಆ ದಾರಿ ನೋಡಬಹುದು. ಆಗಲೂ ದುಡ್ಡು ಕೊಟ್ಟು ಮುಗಿಸುವ ಹಾಗಿಲ್ಲ. ಮ್ಯಾನೇಜರ್ ತಾನೇ ಕೂರಿಸಿ ಮಾತಾಡಿದರೆ ಅದು ಅವಳ ಮೇಲೆ ಒತ್ತಡ. ನನ್ನ ವಿಡಿಯೋ ನೋಡಿ ಎಲ್ಲ ಮ್ಯಾನೇಜರ್‌ಗಳೂ ಅದನ್ನೇ ಕಲಿಯುತ್ತಿದ್ದರು. ಬರೆಯುವಾಗ ಅದು ತಪ್ಪು ಅಂತ ಒಂದು ಸಲವೂ ಅನ್ನಿಸಿರಲಿಲ್ಲ. ಒಳ್ಳೆಯ ಪಾತ್ರ ಆಡುವ ಮಾತನ್ನು ನಾವು ಜಾಸ್ತಿ ಪರೀಕ್ಷೆ ಮಾಡಬೇಕು, ಯಾಕೆಂದರೆ ಜನ ನಂಬುವುದು ಅದನ್ನೇ. ಈಗ ಆ ದೃಶ್ಯದಲ್ಲಿ ಮ್ಯಾನೇಜರ್ ಹೇಳುವುದು ಇಷ್ಟೇ: ‘ಇದನ್ನ ನಾನು ಬಗೆಹರಿಸೋ ಹಾಗಿಲ್ಲಮ್ಮ. ಸಮಿತಿಗೆ ಹೇಳಬೇಕು. ನನ್ನ ಬಾಯಿಂದ ಈ ಮಾತು ಹೊರಗೆ ಹೋಗಲ್ಲ.’

ಆಮೇಲೆ ಎಂಟು ಜನ ಟೈಲರ್‌ಗಳ ಮುಂದೆ ಸ್ಕ್ರಿಪ್ಟ್ ಓದಿದೆ. ಅದರಲ್ಲಿ ಪಕ್ಕದ ಮಿಷನ್ನಿನ ಶಬಾನಾ ಹೀಗನ್ನುತ್ತಾಳೆ: ‘ಉಗಾದಿಗೆ ಶುರುವಾಗಿದ್ದು ಅಂತೀಯ, ಈಗ ಶ್ರಾವಣ. ಮೂರು ತಿಂಗಳು ದಾಟಿದ್ರೆ ತಗೊಳ್ಳಲ್ಲಂತೆ ಕಣಕ್ಕಾ.’ ಅದು ತಪ್ಪು ತಿಳುವಳಿಕೆ. ಎರಡು ದೃಶ್ಯ ಕಳೆದ ಮೇಲೆ ಸಮಿತಿಯ ಸದಸ್ಯೆ ಅದನ್ನು ತಿದ್ದುತ್ತಿದ್ದರು. ಓದು ಮುಗಿಸಿ, ‘ಎಷ್ಟು ದಿನದೊಳಗೆ ಹೇಳಬೇಕು?’ ಎಂದು ಕೇಳಿದೆ. ಐದು ಜನ ಶಬಾನಾಳ ಮಾತನ್ನೇ ಹೇಳಿದರು. ತಿದ್ದಿದ ಮಾತು ಯಾರ ತಲೆಯಲ್ಲೂ ಸರಿಯಾಗಿ ನಿಂತಿರಲಿಲ್ಲ. ಶಬಾನಾಳ ಮಾತು ಅವರು ಆಡುವ ಮಾತೇ ಆಗಿತ್ತು, ತಿದ್ದಿದ ಮಾತು ಪುಸ್ತಕದ್ದಾಗಿತ್ತು. ನಡುವೆ ಎರಡು ದೃಶ್ಯದ ಅಂತರ ಬೇರೆ.

ಹಾಗಾಗಿ ಆ ಭಾಗವನ್ನು ಒಡೆದು ಕಟ್ಟಿದೆ. ಶಬಾನಾ ಆ ಮಾತು ಹೇಳುವಾಗಲೇ, ಸಮಿತಿಯಲ್ಲಿರುವ ಚೆಕಿಂಗ್ ಸೆಕ್ಷನ್ನಿನ ಸರೋಜಕ್ಕ ಅಲ್ಲಿರುವಂತೆ ಮಾಡಿದೆ:

ಸರೋಜಕ್ಕ: ಹಂಗಲ್ಲ ಶಬಾನಾ. ಕೊನೇ ಮೆಸೇಜ್ ಯಾವಾಗ ಬಂತು ಗೌರಿ?
ಗೌರಮ್ಮ: ಮೊನ್ನೆ ರಾತ್ರಿ.
ಸರೋಜಕ್ಕ: ಹಂಗಾದ್ರೆ ಮೂರು ತಿಂಗಳು ಎಣಿಸೋದು ಮೊನ್ನೆಯಿಂದ, ಉಗಾದಿಯಿಂದಲ್ಲ. ಅಕಸ್ಮಾತ್ ಅದೂ ದಾಟಿದ್ರೆ, ಯಾಕೆ ತಡ ಆಯ್ತು ಅಂತ ಹೇಳು. ಕಾರಣ ಸರಿ ಅನ್ಸಿದ್ರೆ ಇನ್ನೂ ಮೂರು ತಿಂಗಳವರೆಗೂ ಸಮಿತಿ ತಗೋಬಹುದು.
ಗೌರಮ್ಮ: ನನಗೆ ಬರಿಯೋಕೆ ಬರಲ್ಲಕ್ಕ.
ಸರೋಜಕ್ಕ: ನೀನು ಹೇಳು, ನಾನು ಬರೀತೀನಿ. ಬರೆದಿದ್ದನ್ನ ಓದಿ ಹೇಳ್ತೀನಿ, ಸರಿ ಅನ್ಸಿದ್ರೆ ಹೆಬ್ಬೆಟ್ಟು ಒತ್ತು.
ಗೌರಮ್ಮ: (ತನಗೇ ಹೇಳಿಕೊಂಡಂತೆ) ಉಗಾದಿಯಿಂದಲ್ಲ, ಮೊನ್ನೆಯಿಂದ.

ಕೊನೆಯ ಆ ಪುನರುಕ್ತಿ ಬೇಕೆಂದೇ ಹಾಕಿದ್ದು. ಬೇರೆ ಎಂಟು ಜನರ ಮುಂದೆ ಓದಿದಾಗ ಒಬ್ಬರು ಮಾತ್ರ ತಪ್ಪು ಹೇಳಿದರು. ‘ಸಮಿತಿ ತಗೋಬಹುದು’ ಅನ್ನುವುದನ್ನು ನಾನು ಒಮ್ಮೆ ‘ತಗೊಳ್ಳುತ್ತೆ’ ಎಂದು ಬರೆದಿದ್ದೆ, ಮಾತು ಸಲೀಸಾಗಲಿ ಅಂತ. ವಕೀಲರು ಅದನ್ನೂ ಹಿಡಿದರು. ಕಾಯ್ದೆ ಕೊಡದ ಭರವಸೆಯನ್ನು ಪಾತ್ರ ಕೊಡಬಾರದು. ಇಂಥದ್ದು ತಪ್ಪಿಹೋಗದಿರಲಿ ಅಂತ ಒಂದು ಪಟ್ಟಿ ಮಾಡಿಕೊಂಡೆ. ಎಡಕ್ಕೆ ಪುಸ್ತಕದ ನಿಯಮದ ಸಂಖ್ಯೆ, ನಡುವೆ ನನ್ನ ಸಾಲು, ಬಲಕ್ಕೆ ವಕೀಲರ ಸಹಿ. ಸಹಿ ಇಲ್ಲದ ಸಾಲು ಶೂಟಿಂಗಿಗೆ ಹೋಗಲಿಲ್ಲ.

ಮೊದಲ ಓದಿನ ದಿನ ಒಬ್ಬ ಹಿರಿಯ ಟೈಲರ್ ಎಲ್ಲರೂ ಎದ್ದ ಮೇಲೂ ಕೂತಿದ್ದರು. ಮೆಲ್ಲಗೆ ಕೇಳಿದರು, ‘ಸಾರ್, ದಿನಾ ಅಣ್ಣ ಅಂತ ಕರೆದವರ ಮೇಲೆ ದೂರು ಹೇಗೆ ಕೊಡೋದು?’ ನನ್ನ ಹತ್ತಿರ ಉತ್ತರ ಇರಲಿಲ್ಲ. 28 ಪುಟದಲ್ಲೂ ಇರಲಿಲ್ಲ. ಜನ ನಿಜವಾಗಿ ತಡೆಯುವುದು ಇಲ್ಲೇ. ಅವರ ಒಪ್ಪಿಗೆ ಕೇಳಿ ಆ ಮಾತನ್ನು ಇದ್ದ ಹಾಗೇ ಗೌರಮ್ಮನ ಬಾಯಿಗೆ ಹಾಕಿದೆ. ಅದಕ್ಕೆ ಸರೋಜಕ್ಕ ತಕ್ಷಣ ಉತ್ತರ ಕೊಡುವುದಿಲ್ಲ. ಮೂರು ಸೆಕೆಂಡ್ ಸುಮ್ಮನಿದ್ದು, ‘ನೀನು ಅಣ್ಣ ಅಂದೆ. ಅವನು ತಂಗಿ ಹಂಗೆ ನೋಡಿದ್ನಾ?’ ಅನ್ನುತ್ತಾಳೆ. ಈ ಸಾಲಿನ ಮುಂದೆ ನಿಯಮದ ಸಂಖ್ಯೆ ಇಲ್ಲ. ವಕೀಲರು ಅದಕ್ಕೂ ಸಹಿ ಹಾಕಿದರು.

ಸೂಪರ್‌ವೈಸರಿಗೆ ಶಿಕ್ಷೆಯಾಗುವ ದೃಶ್ಯ ಬೇಕು ಅಂತ ಮಾಲೀಕರು ಕೇಳಿದರು. ನಾನು ಒಪ್ಪಲಿಲ್ಲ. ದೂರು ಕೊಟ್ಟ ಕೂಡಲೇ ಶಿಕ್ಷೆ ಅಂತ ತೋರಿಸಿದರೆ ವಿಚಾರಣೆ ಅನ್ನುವುದೇ ಇಲ್ಲವೇನೋ ಅನ್ನಿಸುತ್ತದೆ. ಅವನ ಮಾತನ್ನೂ ಸಮಿತಿ ಕೇಳಲೇಬೇಕು. ಹಾಗಾಗಿ ವಿಡಿಯೋ ಹೆಬ್ಬೆಟ್ಟಿನ ಗುರುತಿನ ಮೇಲೆ ನಿಲ್ಲುತ್ತದೆ.

ಶೂಟಿಂಗ್ ರಜೆಯ ದಿನ ಒಂದರಲ್ಲೇ ಮುಗಿಯಿತು. ಮಿಷನ್ನುಗಳ ಸದ್ದು ಬೇರೆ ದಿನ ಹಿಡಿದು ಆಮೇಲೆ ಸೇರಿಸಿದೆವು. ನಟರು ಹೊರಗಿನವರು. ಅಲ್ಲಿನ ಕೆಲಸಗಾರರೇ ನಟಿಸಿದರೆ ಸೂಪರ್‌ವೈಸರ್ ಆದವನಿಗೂ ಗೌರಮ್ಮ ಆದವಳಿಗೂ ಆ ಹೆಸರು ಅಂಟಿಕೊಳ್ಳುತ್ತದೆ. ಪಾತ್ರಗಳ ಹೆಸರನ್ನು ಹಾಜರಿ ಪುಸ್ತಕದ ಜೊತೆ ತಾಳೆ ನೋಡಿದ್ದೆ. ಮೊದಲು ಗೌರಮ್ಮನ ಹೆಸರು ಹುಲಿಗೆಮ್ಮ ಅಂತಿತ್ತು. ಆ ಹೆಸರಿನವರು ಅಲ್ಲಿ ಮೂವರಿದ್ದರು, ಬದಲಾಯಿಸಿದೆ.

ಸಮಿತಿಯವರ ನಿಜವಾದ ಹೆಸರು, ಫೋನ್ ನಂಬರ್ ಯಾವ ಮಾತಿನಲ್ಲೂ ಬರುವುದಿಲ್ಲ. ಅವು ಕೊನೆಯ 20 ಸೆಕೆಂಡಿನ ಫಲಕದಲ್ಲಿವೆ, ಅದು ಬೇರೆಯೇ ಫೈಲು. ಸದಸ್ಯರು ಬದಲಾದ ದಿನ ಆ ಫಲಕವನ್ನಷ್ಟೇ ಹೊಸದಾಗಿ ಮಾಡಿ ಅಂಟಿಸಿದರೆ ಆಯಿತು. ಈಗಾಗಲೇ ಒಂದು ಸಲ ಹಾಗೆ ಬದಲಾಯಿಸಿದ್ದೇವೆ.