ಬೆಲೆ ನೋಡಿ ಇಟ್ಟಿಗೆ ತಗೋಬೇಡಿ, ಗೋಡೆ ಲೆಕ್ಕ ಹಾಕಿ

ಹಾಸನದಲ್ಲಿ ಮನೆ ಕಟ್ಟಿಸ್ತಿರೋರಿಗೆ ಒಂದು ಮಾತು. ಒಂದು ಇಟ್ಟಿಗೆಗೆ ಎಷ್ಟು ಅಂತ ಕೇಳಿ, ಮಣ್ಣಿನ ಇಟ್ಟಿಗೆಗಿಂತ ಫ್ಲೈ ಆಶ್ ಇಟ್ಟಿಗೆ ದುಬಾರಿ ಅಂತ ಬಿಡಬೇಡಿ. ಮೊದಲು ಎರಡನ್ನೂ ಟೇಪ್ ಹಿಡಿದು ಅಳೆಯಿರಿ.

ನಾನು ಅಳೆದ ಫ್ಲೈ ಆಶ್ ಇಟ್ಟಿಗೆ 9 ಇಂಚು ಉದ್ದ, 3 ಇಂಚು ಎತ್ತರ ಇತ್ತು. ಮಣ್ಣಿನದ್ದು ಬರೀ ಎಂಟೂವರೆ ಮತ್ತು ಎರಡೂಮುಕ್ಕಾಲು. ಸುಡುವಾಗ ಕುಗ್ಗುತ್ತೆ, ಅದರಲ್ಲೂ ಒಂದು ಇದ್ದ ಹಾಗೆ ಇನ್ನೊಂದು ಇರಲ್ಲ.

10 ಅಡಿ ಉದ್ದ, 10 ಅಡಿ ಎತ್ತರದ ಒಂಟಿ ಇಟ್ಟಿಗೆ ಗೋಡೆ ತಗೊಳ್ಳಿ. ಎರಡಕ್ಕೂ ಅರ್ಧ ಇಂಚು ಗಾರೆ ಸೇರಿಸಿದರೆ ಫ್ಲೈ ಆಶ್ ಸುಮಾರು 433 ಬೇಕು, ಮಣ್ಣಿನದ್ದು 492. ಒಡೆಯೋದು ಬೇರೆ ಇದೆ. ಫ್ಲೈ ಆಶ್‌ಗೆ ನೂರಕ್ಕೆ 3, ಮಣ್ಣಿನದ್ದಕ್ಕೆ 8 ಅಂತ ಹಿಡಿದೆ. ಆಗ 446 ಎದುರು 531!

ಲೆಕ್ಕಕ್ಕೆ ಸೈಟಿಗೆ ತಲುಪಿಸಿ ಮಣ್ಣಿನದ್ದು 9 ರೂಪಾಯಿ, ಫ್ಲೈ ಆಶ್ 10 ಅಂತ ಇಟ್ಟುಕೊಳ್ಳಿ. ಮಣ್ಣಿನದ್ದು 4,779, ಫ್ಲೈ ಆಶ್ 4,460. ದುಬಾರಿ ಇಟ್ಟಿಗೆಯ ಗೋಡೆಯೇ ಅಗ್ಗ ಆಯ್ತು, ಅಲ್ವಾ? ನಿಮ್ಮ ದರ ಹಾಕಿ ನೋಡಿ. ಫ್ಲೈ ಆಶ್ ದೂರದಿಂದ ಬಂದು ಸುಮಾರು 10.70 ದಾಟಿದರೆ ಲೆಕ್ಕ ತಿರುಗುತ್ತೆ. ಇಟ್ಟಿಗೆ ಒಂದೇ ಸಮ ಇರೋದರಿಂದ ಆಗೋ ಪ್ಲಾಸ್ಟರ್ ಉಳಿತಾಯ ನಾನು ಸೇರಿಸಿಲ್ಲ.

ಫ್ಲೈ ಆಶ್ ಲೋಡ್ ಬಂದಾಗ ಉಗುರಲ್ಲಿ ಗೀರಿ ನೋಡಿ. ಪುಡಿ ಉದುರಿದರೆ ಸರಿಯಾಗಿ ಕ್ಯೂರಿಂಗ್ ಆಗಿಲ್ಲ, ವಾಪಸ್ ಕಳಿಸಿ. ಹಸಿ ಫ್ಲೈ ಆಶ್ ಇಟ್ಟಿಗೆ ಗೋಡೆಯಲ್ಲೇ ಕುಗ್ಗಿ ಬಿರುಕು ಬಿಡುತ್ತೆ. ಮೇಸ್ತ್ರಿಗೂ ಹೇಳಿಡಿ, ಇದನ್ನು ಮಣ್ಣಿನ ಇಟ್ಟಿಗೆ ಥರ ತೊಟ್ಟಿಯಲ್ಲಿ ನೆನೆಸೋದು ಬೇಡ, ನೀರು ಚಿಮುಕಿಸಿದರೆ ಸಾಕು.